ಗೆರಿ ಇದ್ದಲ್ಲಿ ನೂರು

ಸಂಜೀ ಆರೂವರಿ ದಾಟಿತಂದ್ರ ಹೇಮಾನ ಜೀವ ಎಲ್ಲಾ ಆ ಕಂಪ್ಯೂಟರಿನ ಮುಂದ. ಷೇರು ಪ್ಯಾಟಿ ಮೂರೂವರಿಗೆ ಮುಚ್ಚತೈತಿ, ಖರೆ. ಆದ್ರ ಆ ದಿನ ಯಾವ ಷೇರು ಎಷ್ಟಕ್ಕ ಹೋತು, ಎಷ್ಟು ಕೈ ಬದಲಾತು ಅನ್ನೂ ಪೂರ್ತಿ ಲೆಕ್ಕದ ಫೈಲನ್ನ ಎಕ್ಸ್‌ಚೇಂಜಿನವರು ವೆಬ್‌ಸೈಟಿಗೆ ಹಾಕೂದು ಸಂಜೀಕ. ಒಂದ ದಿನ ಲಗೂ ಹಾಕ್ತಾರ, ಒಂದ ದಿನ ಕಾಯಿಸಿ ಕಾಯಿಸಿ ಹೈರಾಣ ಮಾಡ್ತಾರ. ಅಲ್ಲೀತನಕ ಹೇಮಾ ಖಾಲಿ ಆಫೀಸಿನಾಗ ಕುಂತು ಚುರುಮುರಿ ತಿನಕೋತ, ಕೆಳಗಿನ ಗೊಂಜಾಳದ, ಅಂದ್ರ ಮೆಕ್ಕಿಜೋಳದ, ಅಂಗಡಿಯ ಧೂಳು ಕಿಡಕ್ಯಾಗಿಂದ ಒಳಗ ಬರೂದನ್ನ ನೋಡ್ಕೋತ ಇರಾಕಿ.

ಆಫೀಸಂದ್ರ ಏನು ದೊಡ್ಡ ಆಫೀಸಲ್ಲ. ಹಿರೇಕೆರೂರಿನ ಬಸ್ ಸ್ಟ್ಯಾಂಡ್ ಎದುರಿಗೆ ಮಹಡಿ ಮ್ಯಾಲೆ ಒಂದ ಖೋಲಿ. ಉಳವಪ್ಪ ಅಂತ, ಮೊದಲ ಹತ್ತಿ ದಲಾಲಿ ಮಾಡಾಂವ, ಈಗ ಒಂದು ದೊಡ್ಡ ಬ್ರೋಕರ್ ಕಂಪನಿಯ ಏಜೆನ್ಸಿ ಹಿಡದಿದ್ದ. ಹಾನಗಲ್, ಶಿಗ್ಗಾವಿ, ಸವಣೂರು ಕಡೇಲಿಂದನೂ ಗಿರಾಕಿ ಇದ್ರು. ಮಾಸ್ತರು, ಔಷಧದ ಅಂಗಡಿಯವರು, ವೀಳ್ಯದೆಲಿ ವ್ಯಾಪಾರದ ಸಾಬರು. ಅವರೆಲ್ಲಾರ ಫೋನಿಗೆ ಸಂಜೀಕ ಒಂದು ಪಟ್ಟಿ ಹೋಗಬೇಕು. ಪಟ್ಟಿ ಮಾಡಾಕಿ ಹೇಮಾ. ಬಿ.ಕಾಂ. ಮಾಡಿದಾಕಿ, ಕೋಡ್ ಬರಿಯೂದನ್ನ ಮೊಬೈಲಿನಾಗ ವಿಡಿಯೋ ನೋಡಿ ನೋಡಿ ತಾನ ಕಲ್ತಾಕಿ.

ಪಟ್ಟಿ ಅಂದ್ರ ಡೆಲಿವರಿ ಪಟ್ಟಿ. ಇದು ಏನಂತ ಒಮ್ಮೆ ಹೇಳಿಬಿಡ್ತೇನಿ, ಆಮ್ಯಾಲೆ ತಲಿ ಕೆರಕೊಳ್ಳೂದು ಬ್ಯಾಡ. ಕೆಳಗ ಗೊಂಜಾಳದ ಅಂಗಡ್ಯಾಗ ನೂರು ಚೀಲ ಮಾರಾಟ ಆದ್ವು ಅನ್ರಿ. ಅದರಾಗ ಅರವತ್ತು ಚೀಲ ಮುಂಜಾನೆ ತಗೊಂಡಾಂವ ಮಧ್ಯಾಹ್ನಕ್ಕ ಅಲ್ಲೇ ನಿಂತು ಇನ್ನೊಬ್ಬಗ ಮಾರಿ ಹ್ವಾದ. ನಲವತ್ತು ಚೀಲ ಮಾತ್ರ ಲಾರಿಗೆ ಏರಿದ್ವು, ಮನಿಗೆ ಹ್ವಾದ್ವು. ಆ ನಲವತ್ತಕ್ಕ ಡೆಲಿವರಿ ಅಂತಾರ. ಷೇರಿನಾಗೂ ಹಂಗ. ಡೆಲಿವರಿ ಜಾಸ್ತಿ ಇತ್ತಂದ್ರ, ಆಟ ಆಡೋರಕಿಂತ ಇಟ್ಕೊಳ್ಳೋರು ಜಾಸ್ತಿ ಅಂತ ಜನ ನಂಬ್ತಾರ. ನಂಬ್ತಾರ, ಅಷ್ಟ. ಪಟ್ಟಿ ಕೆಳಗ ಹೇಮಾ ದಿನಾ ‘ಇದು ಸಲಹೆ ಅಲ್ಲ’ ಅಂತ ಒಂದು ಸಾಲು ಹಾಕ್ತಿದ್ಲು. ಅದನ್ನ ಯಾಂವ ಓದ್ತಾನ?

ಆ ಪಟ್ಟಿಯನ್ನ ಎಲ್ಲಾರಕಿಂತ ಹೆಚ್ಚು ಜೀವದಿಂದ ಓದಾಂವ ಅಂದ್ರ ಪರಮೇಶ. ಹೇಮಾನ ಅಕ್ಕ ಶಂಕ್ರವ್ವನ ಗಂಡ, ಸರಕಾರಿ ಬಸ್ಸಿನ ಕಂಡಕ್ಟರ್. ಹಾವೇರಿಗೆ ಹೋಗೂ ಬಸ್ಸು ಸ್ಟ್ಯಾಂಡಿನಾಗ ನಿಲ್ಲೂ ಹತ್ತು ಮಿನಿಟಿನಾಗ ಖಾಕಿ ಅಂಗಿ ಮ್ಯಾಲೆ ಟಿಕೆಟ್ ಮಷಿನ್ ಜೋತುಬಿಟ್ಟಕೊಂಡು ದಡದಡ ಮೆಟ್ಟಲ ಹತ್ತಿ ಬರಾಂವ.

“ಏನವಾ ಹೇಮವ್ವ, ಇವತ್ತ ಯಾರ್ಯಾರು ಮನಿಗೆ ಒಯ್ದ್ರು?”

“ನೀರರೆ ಕುಡೀರಿ ಮಾಮಾ ಮೊದಲ. ಫೈಲ್ ಬಂದಿಲ್ಲ ಇನ್ನ.”

“ನಿಮ್ಮ ಎಕ್ಸ್‌ಚೇಂಜಿಗಿಂತ ನಮ್ಮ ಬಸ್ಸ ವಾಸಿ ಬಿಡು. ಲೇಟಾದ್ರೂ ಬರತೈತಿ.”

ಅಪ್ಪ ತೀರಿಹೋದಾಗ ಹೇಮಾ ಪಿಯುಸಿ. ಕಲಿಯೂದು ಸಾಕು, ಮದುವಿ ಮಾಡಿ ಕೊಡ್ರಿ ಅಂತ ಕಾಕಾಗೋಳು ಕುಂತಿದ್ರು. ಪರಮೇಶ ತನ್ನೂರು ಹಂಸಭಾವಿಯಿಂದ ಬಂದು, ಬಾಗಲಾಗ ಚಪ್ಪಲಿ ಸುದ್ದಾ ಬಿಡದ, “ಅಕಿ ಕಲಿತಾಳ. ನನ್ನ ಮನ್ಯಾಗ ಇರತಾಳ” ಅಂತ ಹೇಳಿ ಕರಕೊಂಡು ಹ್ವಾದ. ಡಿಗ್ರಿ ಮುಗಿಯೂ ತನಕ ಅಕಿ ಬಸ್ ಪಾಸು, ಫೀ, ಪುಸ್ತಕ ಎಲ್ಲಾ ಅವನ ಸಂಬಳದಾಗ ಹ್ವಾದ್ವು. ಒಂದಿನಾನೂ ಬಾಯಿ ಬಿಟ್ಟು ಅಂದಾಂವಲ್ಲ. ಈಗ ಅವನ ಮಗಳು ವಿದ್ಯಾ ಪಿಯುಸಿ ಎರಡನೇ ವರ್ಷ. ಹುಬ್ಬಳ್ಳ್ಯಾಗ ನರ್ಸಿಂಗ್ ಮಾಡ್ತೇನಿ ಅಂತ ಕುಂತಿತ್ತು ಹುಡುಗಿ. ಅದಕ್ಕ ಅಂತ ಪರಮೇಶ ವರ್ಷಾನುಗಟ್ಟಲೆ ಕೂಡಿಸಿದ್ದನ್ನ ಹೇಮಾನ ಆಫೀಸಿನಾಗ ನಾಕೈದು ಒಳ್ಳೆ ಷೇರಿನಾಗ ಇಟ್ಟಿದ್ದ. ಬ್ಯಾಂಕಿನಾಗಿಟ್ರ ಬೆಳಿಯೂದಿಲ್ಲ ಅಂತ ಅವಗ ಯಾರೂ ಹೇಳಿದ್ದಿಲ್ಲ, ತಾನ ತಿಳಕೊಂಡಿದ್ದ.

ಇಷ್ಟು ಹಿಂದಿನ ಮಾತು. ಇನ್ನ ಆ ಫೈಲಿನ ಕಥಿ ಕೇಳ್ರಿ.

ಒಂದು ಜುಲೈ ತಿಂಗಳಾಗ ಎಕ್ಸ್‌ಚೇಂಜಿನವರು ಹಳೇ ರೇಟಿನ ಫೈಲನ್ನ ನಿಲ್ಲಿಸಿ ಹೊಸ ನಮೂನಿಯ ಫೈಲ್ ತಂದ್ರು. ಸರ್ಕ್ಯುಲರ್ ಹೊರಡಿಸಿದ್ರಂತ, ಯಾರು ಓದ್ಯಾರು! ಫೈಲಿನ ಹೆಸರು ಬ್ಯಾರೆ, ಒಳಗಿನ ಕಾಲಮ್ಮಿನ ಹೆಸರು ಬ್ಯಾರೆ, ಒಂದು ಇದ್ದಲ್ಲಿ ಇನ್ನೊಂದು. ಹೇಮಾ ತನ್ನ ಪ್ರೋಗ್ರಾಮಿನಾಗ ಹೆಸರು ನೋಡದ ಬರೇ ಎಣಿಸಿ, ಇಷ್ಟನೇ ಕಾಲಮ್ ರೇಟು ಅಂತ ಬರದಿಟ್ಟಿದ್ಲು. ಅವತ್ತ ಸಂಜೀಕ ರೇಟು ಬರೂ ಜಾಗಾದಾಗ ತಾರೀಖು ಬಂದು ಕುಂತಿತ್ತು! ಸವಣೂರಿನ ಎಲಿ ವ್ಯಾಪಾರಿ ಗೌಹರಸಾಬ ಫೋನ್ ಮಾಡಿ, “ಏನ್ರೀ ಬಾಯಾರ, ಷೇರಿನ ರೇಟಾ, ಕ್ಯಾಲೆಂಡರಾ ಇದು?” ಅಂತ ನಕ್ಕ. ಹೇಮಾಗ ನೆಲ ಬಿರದು ಒಳಗ ಹೋಗೂವಂಗ ನಾಚಿಕಿ ಆತು.

ಹೊಸ ಫೈಲಿನಾಗ ಡೆಲಿವರಿ ಸಂಖ್ಯಾನೂ ಇರಲಿಲ್ಲ. ಎಕ್ಸ್‌ಚೇಂಜಿನವರು ಹಾಕೂ ಇನ್ನೊಂದು ಪೂರ್ತಿ ಫೈಲಿನಾಗ ರೇಟು, ಡೆಲಿವರಿ ಎರಡೂ ಒಟ್ಟಿಗೆ ಇದ್ವು. ಹೇಮಾ ಅದನ್ನ ಹಿಡದ್ಲು. ಅಲ್ಲೀನೂ ಕಾಟ. ಪ್ರೋಗ್ರಾಮು ಹೋಗಿ ಫೈಲ್ ಕೇಳಿದ್ರ ಸೈಟು ಕೊಡವಲ್ದು. ನಾ ಪ್ರೋಗ್ರಾಮ್ ಅಲ್ಲ, ಬ್ರೌಸರು ಅಂತ ಸುಳ್ಳ ಹೆಸರು ಹೇಳಿದ್ರ ಮಾತ್ರ ಕೊಡತಿತ್ತು. ಕೊಟ್ಟ ಮ್ಯಾಲೂ ಪಟ್ಟಿ ಖಾಲಿ. ನೋಡಿದ್ರ, ಕಾಲಮ್ಮಿನ ಹೆಸರಿನ ಮುಂದ ಒಂದೊಂದು ಖಾಲಿ ಜಾಗ, ಒಳಗಿನ ಅಕ್ಷರಗಳ ಮುಂದನೂ ಖಾಲಿ ಜಾಗ. ಕಣ್ಣಿಗೆ ಕಾಣೂದಿಲ್ಲ, ಪ್ರೋಗ್ರಾಮಿಗೆ ಮಾತ್ರ ಅದು ಬ್ಯಾರೆ ಹೆಸರು. ಆ ಖಾಲಿ ಜಾಗ ಎಲ್ಲಾ ಕತ್ತರಿಸಿ, ಎಣಿಸೂದನ್ನ ಬಿಟ್ಟು ಹೆಸರಿನ ಮ್ಯಾಲೆ ಓದೂಹಂಗ ಮಾಡಿ, ವಾರಗಟ್ಟಲೆ ಒದ್ದಾಡಿ ಅಂತೂ ಅಕಿ ಪಟ್ಟಿಯನ್ನ ಮತ್ತ ನಿಂದ್ರಿಸಿದ್ಲು.

ಅವತ್ತಿನಿಂದ ಅಕಿ ಮನಸ್ಸಿನಾಗ ಒಂದು ಅಂಜಿಕಿ ಕುಂತುಬಿಡ್ತು. ಪಟ್ಟಿಯೊಳಗ ಏನರೆ ಹೆಚ್ಚು ಕಡಿಮಿ ಕಂಡ್ರ ಸಾಕು, ಮತ್ತ ಇವರು ಫೈಲ್ ಬದಲ ಮಾಡಿದ್ರು ಅಂತ ಎದಿ ಧಸಕ್ ಅಂತಿತ್ತು. ಇದನ್ನ ನೆನಪಿಡ್ರಿ. ಎಲ್ಲಾ ಕೆಟ್ಟದ್ದು ಈ ಅಂಜಿಕ್ಯಾಗಿಂದನ ಬಂತು.

ದೀಪಾವಳಿ ಮುಗಿದ ವಾರ ಪರಮೇಶ ಮೆಟ್ಟಲ ಹತ್ತಿ ಬಂದ.

“ಹೇಮವ್ವ, ನನ್ನ ಪೈಪಿನ ಕಂಪನಿ ಎಲ್ಲಿ ಹೋತು? ಎರಡು ದಿನಾತು, ಪಟ್ಟಿಯೊಳಗ ಇಲ್ಲಲ್ಲ!”

ಅದೊಂದು ಸಣ್ಣ ಕಂಪನಿ, ನೀರಿನ ಪೈಪು ಮಾಡೂದು. ಪರಮೇಶ ಸ್ವಲ್ಪ ತಗೊಂಡಿದ್ದ, ಒಂದಕ್ಕ ಎರಡಾಗಿತ್ತು. ಹೇಮಾ ಪಟ್ಟಿ ತಗದು ನೋಡಿದ್ಲು. ಇಲ್ಲ, ಖರೇನ ಇಲ್ಲ.

“ಮತ್ತ ಫಾರ್ಮ್ಯಾಟ್ ಬದಲ ಮಾಡ್ಯಾರ ಇವರು! ಇವರ ಬಾಯಾಗ ಮಣ್ಣ ಹಾಕ!” ಅಂದ್ಲು. “ನೀವು ಹೋಗ್ರಿ ಮಾಮಾ, ಡ್ರೈವರ್ ಹಾರ್ನ್ ಹೊಡಿಯಾಕತ್ತಾನ. ನಾ ನೋಡ್ತೇನಿ.”

ನೋಡಿದ್ಲು. ಫಾರ್ಮ್ಯಾಟ್ ಏನೂ ಬದಲಾಗಿರಲಿಲ್ಲ. ಫೈಲಿನಾಗ ಎಲ್ಲಾ ಷೇರಿನ ಹೆಸರಿನ ಮುಂದ ಎರಡಕ್ಷರದ ಒಂದು ಗುರುತು ಇರತೈತಿ. ಸಾದಾ ಷೇರಿಗೆ ‘ಇಕ್ಯೂ’. ಹೇಮಾನ ಪ್ರೋಗ್ರಾಮು ಅವನ್ನಷ್ಟ ಆರಿಸಿಕೊಳ್ಳತಿತ್ತು. ಪೈಪಿನ ಕಂಪನಿಯ ಗುರುತು ಈಗ ‘ಬಿಇ’ ಆಗಿತ್ತು. ಅದಕ್ಕ ಪಟ್ಟಿಯಿಂದ ಹೊರಗ ಬಿದ್ದಿತ್ತು. ಇಷ್ಟನ? ಅಂತ ಅಕಿಗೆ ಜೀವ ಬಂತು. ಬಿಇ ಇದ್ದ ಷೇರನ್ನೂ ತಗೋ ಅಂತ ಪ್ರೋಗ್ರಾಮಿಗೆ ಹೇಳಿ ಓಡಿಸಿದ್ಲು. ಪ್ರೋಗ್ರಾಮು ಅರ್ಧಕ್ಕ ಮುಗ್ಗರಿಸಿ ಬಿತ್ತು. ಯಾಕಂದ್ರ ಬಿಇ ಷೇರಿನ ಡೆಲಿವರಿ ಜಾಗಾದಾಗ ಸಂಖ್ಯಾ ಇರಲಿಲ್ಲ, ಒಂದು ಸಣ್ಣ ಅಡ್ಡಗೆರಿ ಇತ್ತು. ಗೆರಿಯನ್ನ ಸಂಖ್ಯಾ ಮಾಡೂದು ಹೆಂಗ?

“ಸರ್, ಈ ಬಿಇ ಅಂದ್ರ ಏನ್ರಿ?” ಅಂತ ಉಳವಪ್ಪನ ಕೇಳಿದ್ಲು.

ಉಳವಪ್ಪ ಚಹಾ ಬಶಿಗೆ ಸುರುವಿಕೊಳ್ಳಾಕತ್ತಿದ್ದ. “ಅದಾ? ಅದರಾಗ ಮುಂಜಾನೆ ತಗೊಂಡು ಮಧ್ಯಾಹ್ನ ಮಾರಿ ಲೆಕ್ಕ ಮುರಕೊಳ್ಳಾಕ ಬರೂದಿಲ್ಲ. ತಗೊಂಡಾಂವ ತಗೊಂಡಷ್ಟೂ ಒಯ್ಯಬೇಕು, ಮಾರಿದಾಂವ ಮಾರಿದಷ್ಟೂ ಕೊಡಬೇಕು.”

“ಅಂದ್ರ ಎಲ್ಲಾ ಡೆಲಿವರಿನ?”

“ಎಲ್ಲಾ ಡೆಲಿವರಿನ. ನೂರಕ್ಕ ನೂರು. ಅದಕ್ಕ ಅವರು ಬರಿಯೂದಿಲ್ಲ. ನೀ ನೂರು ಹಾಕಿ ಕಳಸು, ಗಿರಾಕಿ ಕಿರಿಕಿರಿ ತಪ್ಪತೈತಿ.”

ಸುಳ್ಳಲ್ಲ ಅದು. ಒಂದು ಅಕ್ಷರ ಸುಳ್ಳಲ್ಲ. ಹೇಮಾ ಒಂದ ಸಾಲು ಬರದ್ಲು: ಗೆರಿ ಕಂಡ್ರ ನೂರು ಅಂತ ತಿಳಕೋ. ಪ್ರೋಗ್ರಾಮು ಮುಗ್ಗರಿಸಲಿಲ್ಲ. ಪಟ್ಟಿ ಹೋತು. ಪಟ್ಟಿಯನ್ನ ದೊಡ್ಡ ಸಂಖ್ಯಾದಿಂದ ಸಣ್ಣದಕ್ಕ ಜೋಡಿಸೂ ರೂಢಿ. ಹಿಂಗಾಗಿ ಪೈಪಿನ ಕಂಪನಿ ಎಲ್ಲಾರಕಿಂತ ಮ್ಯಾಲೆ ಹೋಗಿ ಕುಂತಿತು. ಅದರ ಜೋಡಿ ಹಂಥಾವ ಇನ್ನ ಕೆಲವು.

ಮರುದಿನ ಪರಮೇಶನ ಮುಖ ನೋಡಬೇಕಿತ್ತು ನೀವು. ಎರಡೆರಡು ಮೆಟ್ಟಲ ಹಾರಿ ಬಂದಿದ್ದ.

“ನೂರಕ್ಕ ನೂರು ಹೇಮವ್ವ! ಇಷ್ಟು ವರ್ಷ ನೋಡಾಕತ್ತೇನಿ, ಅರವತ್ತು ಬಂದ್ರ ದೊಡ್ಡದು, ಎಪ್ಪತ್ತು ಬಂದ್ರ ಹಬ್ಬ. ನೂರು ಕಂಡಿದ್ದಿಲ್ಲವ್ವ. ಒಬ್ಬರೂ ಆಟಕ್ಕ ತಗೊಂಡಿಲ್ಲಂದ್ರ ಒಳಗ ಏನೋ ದೊಡ್ಡ ಸುದ್ದಿ ಐತಿ.”

“ಅದು ಬಿಇಗೆ ಹೋಗೇತ್ರಿ ಮಾಮಾ” ಅಂದ್ಲು ಹೇಮಾ. ಅಂದದ್ದು ಖರೆ. ಆದ್ರ ಫೋನಿನಾಗ ಯಾರೋ ಶಿಗ್ಗಾವಿ ಗಿರಾಕಿ ಕೂಡ ಮಾತಾಡಕೋತ, ಅರ್ಧ ಇತ್ತಾಗ ಅರ್ಧ ಅತ್ತಾಗ ಮಾಡಿ ಅಂದ್ಲು. ಬಿಇಗೆ ಹೋಗೂದಂದ್ರ ಏನು, ಎಕ್ಸ್‌ಚೇಂಜಿನವರು ಸುಮ್ಮಸುಮ್ಮನ ಷೇರನ್ನ ಅಲ್ಲಿಗೆ ಒಯ್ಯೂದಿಲ್ಲ, ರೇಟು ಅಡ್ಡಾದಿಡ್ಡಿ ಏರಾಕತ್ತಿದ್ರ ಕಣ್ಣಿಡಾಕ ಹಂಗ ಮಾಡ್ತಾರ, ಇದನ್ನ ಅಕಿ ಅವಗ ಬಿಡಿಸಿ ಹೇಳಲಿಲ್ಲ. ತಾನೂ ಬಿಡಿಸಿ ವಿಚಾರ ಮಾಡಿದ್ದಿಲ್ಲ. ಅಕಿ ತಲಿಯೊಳಗ ಅದು ಫೈಲಿನ ರೋಗ. ಔಷಧ ಹಾಕಿದ್ಲು, ವಾಸಿ ಆತು.

ಪರಮೇಶ ಬಿಇ ಅಂದ್ರ ಬಡ್ತಿ ಅಂತ ತಿಳಕೊಂಡನೋ ಏನೋ. ಮುಂದಿನ ಎರಡು ವಾರದಾಗ ವಿದ್ಯಾನ ಓದಿಗೆ ಇಟ್ಟಿದ್ದ ಆ ನಾಕೈದು ಒಳ್ಳೆ ಷೇರು ಮಾರಿ ಎಲ್ಲಾ ಪೈಪಿನ ಕಂಪನಿಗೆ ಹಾಕಿದ. ತನ್ನ ಫೋನಿನಾಗ ತಾನ ಮಾಡಿದ, ಯಾರನ್ನೂ ಕೇಳಲಿಲ್ಲ. ಕೇಳೂದು ಯಾಕ? ಪಟ್ಟಿ ದಿನಾ ಹೇಳಾಕತ್ತಿತ್ತಲ್ಲ, ನೂರು, ನೂರು, ನೂರು ಅಂತ.

ಸಂಕ್ರಾಂತಿ ಮುಂದ ರೇಟು ಇಳಿಯಾಕ ಹತ್ತಿತು. ಬಿಇ ಗುಂಪಿನ ಷೇರು ದಿನಕ್ಕ ಇಷ್ಟಕ್ಕಿಂತ ಹೆಚ್ಚು ಇಳಿಯಬಾರದು ಅಂತ ಒಂದು ಮಿತಿ ಹಾಕಿರತಾರ. ಪೈಪಿನ ಷೇರು ದಿನಾ ಪ್ಯಾಟಿ ಬಾಗಲಾ ತಗದ ಕೂಡ್ಲೆ ಆ ಮಿತಿಗೆ ಇಳದು ನಿಂದ್ರತಿತ್ತು. ಆಫೀಸಿನ ಲೆಕ್ಕದಾಗ ಪರಮೇಶನ ರೊಕ್ಕ ಎಲ್ಲಾ ಅದರಾಗ ಇದ್ದದ್ದನ್ನ ಕಂಡು ಹೇಮಾ ಅಂಜಿದ್ಲು. ಪರಮೇಶ ಬಂದ್ರ ನಗತಿದ್ದ.

“ಅಂಜಬ್ಯಾಡ ಹುಚ್ಚಿ. ರೇಟು ಇಳೀಲಿ, ಡೆಲಿವರಿ ನೋಡು, ನೂರ ಐತಿ. ಇಳದಾಗೂ ಮನಿಗೆ ಒಯ್ಯಾಕತ್ತಾರಂದ್ರ ದೊಡ್ಡ ಕುಳಗೋಳು ಮೆಲ್ಲಕ ತುಂಬಿಕೊಳ್ಳಾಕತ್ತಾವ. ನಿನ್ನ ಪಟ್ಟಿ ಇರೂ ತನಕ ನನಗ ಯಾತರ ಅಂಜಿಕಿ?”

ಆ ಮಾತು ಕೇಳಿ ಹೇಮಾಗ ಹೆಮ್ಮಿ ಆತು. ಹೌದ್ರಿ, ಹೆಮ್ಮಿ. ಇದನ್ನ ನೆನಸಿಕೊಂಡ್ರ ಅಕಿಗೆ ಈಗೂ ತನ್ನ ಮೈ ತಾನ ಚಿವುಟಿಕೊಳ್ಳಬೇಕು ಅನಸತೈತಿ.

ಅದಾದ ಮ್ಯಾಲೆ ಒಂದು ಶುಕ್ರವಾರ ಫೈಲು ಅರ್ಧಮರ್ಧ ಇಳೀತು. ನೆಟ್ಟು ನಡುವ ಕಡದಿತ್ತು ಕಾಣತೈತಿ. ಪಟ್ಟಿಯೊಳಗ ಅರ್ಧ ಷೇರು ಮಾಯ. ಮತ್ತ ಫಾರ್ಮ್ಯಾಟೇನೋ ಅಂತ ಅಂಜಿ ಹೇಮಾ ಫೈಲನ್ನ ಮತ್ತೊಮ್ಮೆ ಇಳಿಸಿ, ಪ್ರೋಗ್ರಾಮು ಬಾಜೂಕ ಇಟ್ಟು, ತನ್ನ ಕಣ್ಣೀಲೆ ಒಂದೊಂದ ಸಾಲು ಓದಾಕ ಕುಂತ್ಲು. ಒಂದು ಕಡೆ ಫೈಲು, ಒಂದು ಕಡೆ ತನ್ನ ಪಟ್ಟಿ.

ಎಕ್ಸ್‌ಚೇಂಜಿನ ಫೈಲಿನಾಗ ಎಲ್ಲಾ ಡೆಲಿವರಿ ಸಂಖ್ಯಾನೂ ಚುಕ್ಕಿ ಇಟ್ಟು ಮುಂದ ಎರಡಂಕಿ ಇರಾವು. ನಲವತ್ಮೂರು ಪಾಯಿಂಟ್ ಒಂದು ಏಳು, ಅರವತ್ತೊಂದು ಪಾಯಿಂಟ್ ಸೊನ್ನೆ ಎಂಟು, ಹಿಂಗ. ತನ್ನ ಪಟ್ಟಿಯ ತಲಿ ಮ್ಯಾಲಿನವು ಮಾತ್ರ ಬೋಳು ನೂರು. ಚುಕ್ಕಿ ಇಲ್ಲ, ಬಾಲ ಇಲ್ಲ. ಅದು ಎಕ್ಸ್‌ಚೇಂಜಿನ ಅಂಕಿ ಅಲ್ಲ. ತನ್ನ ಅಂಕಿ. ಪೈಪಿನ ಕಂಪನಿಯ ಸಾಲಿಗೆ ಬಂದ್ಲು. ಆ ದಿನ ಇಡೀ ದೇಶದಾಗ ಕೈ ಬದಲಾದ ಷೇರು ಮುನ್ನೂರು ಚಿಲ್ಲರ. ಮುಂಜಾನೆ ಸ್ಕ್ರೀನಿನಾಗ ಮಾರಾಕ ಸಾಲು ಹಚ್ಚಿದ್ದು ಲಕ್ಷಗಟ್ಟಲೆ ಇದ್ದದ್ದನ್ನ ಅಕಿ ತಾನ ನೋಡಿದ್ಲು. ಮುನ್ನೂರಕ್ಕ ಮುನ್ನೂರು ಮನಿಗೆ ಹೋಗ್ಯಾವ, ಯಾಕಂದ್ರ ಹೋಗಲಿಕ್ಕಬೇಕು ಅಂತ ಕಾಯ್ದೆ. ಯಾವ ದೊಡ್ಡ ಕುಳಾನೂ ತುಂಬಿಕೊಂಡಿದ್ದಿಲ್ಲ. ಷೇರು ಪಟ್ಟಿಯಿಂದ ಬಿದ್ದು ಹೋಗಿದ್ದನ ಖರೇ ಸುದ್ದಿ ಆಗಿತ್ತು, ಅದರ ಮ್ಯಾಲೆ ಎಕ್ಸ್‌ಚೇಂಜಿನವರು ಕಣ್ಣಿಟ್ಟಾರ ಅನ್ನೂ ಸುದ್ದಿ. ಆ ಸುದ್ದಿಯನ್ನ ಅಕಿ ಕೈಯಾರೆ ಒರಸಿ ಅದರ ಮ್ಯಾಲೆ ನೂರು ಬರದಿದ್ಲು.

“ಸರ್, ತಪ್ಪಾಗೇತ್ರಿ” ಅಂತ ಉಳವಪ್ಪಗ ಹೇಳಿದ್ಲು. ಅವಂದು ಒಂದ ಮಾತು: “ಸಲಹೆ ಅಲ್ಲ ಅಂತ ಕೆಳಗ ಹಾಕೀವಲ್ಲ. ಸುಮ್ಮ ಇರು, ನಮ್ಮ ಕುತ್ತಿಗಿಗೆ ತರಬ್ಯಾಡ.” ಹೇಮಾ ಆ ಸಾಲು ಅಳಿಸಿ, ಬಿಇ ಷೇರುಗಳನ್ನ ಪಟ್ಟಿಯ ಕೆಳಗ ಬ್ಯಾರೆ ಮಾಡಿ, ಡೆಲಿವರಿ ಜಾಗಾ ಖಾಲಿ ಬಿಟ್ಟು, ‘ಇಲ್ಲಿ ಡೆಲಿವರಿ ಕಡ್ಡಾಯ, ಇದರಿಂದ ಏನೂ ತಿಳಿಯೂದಿಲ್ಲ’ ಅಂತ ಬರದು ಕಳಿಸಿದ್ಲು. ಆಮ್ಯಾಲೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಇಳದ್ಲು.

ಪರಮೇಶ ಬಸ್ಸಿನ ಬಾಗಲಾಗ ನಿಂತು “ಹಾವೇರಿ, ಹಾವೇರಿ” ಅಂತ ಕೂಗಾಕತ್ತಿದ್ದ. ಅವನನ್ನ ಕಂಬದ ಕಡೆ ಕರದು ನಿಂದ್ರಿಸಿ ಎಲ್ಲಾ ಹೇಳಿದ್ಲು. 

ಅವ ಕೈಯಾಗಿನ ಚಿಲ್ಲರ ಚೀಲದಾಗ ಹಾಕಿ ಅಕಿ ಕಡೆ ಹೊಳ್ಳಿದ.

“ನೂರು ಅಂತ ನೀ ಬರದಿದ್ದೇನು?”

“ನಾನ ಬರದಿದ್ದೆರಿ ಮಾಮಾ.”

“ಎಕ್ಸ್‌ಚೇಂಜಿನವರು ಬರದಾರ ಅಂತ ತಿಳಕೊಂಡಿದ್ದೆ.”

ಅಷ್ಟ ಅಂದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಚಲೋ ಇತ್ತು. ಒಂದು ಹೊಡದಿದ್ರೂ ಹೇಮಾ ತಗೊಳ್ಳತಿದ್ಲು. ಅವ ಟಿಕೆಟ್ ಮಷಿನಿನ ಗುಂಡಿ ಸುಮ್ಮನ ಒತ್ತಕೋತ ನಿಂತ. ಡ್ರೈವರ್ ಹಾರ್ನ್ ಹೊಡದ. ಹತ್ತೂ ಮುಂದ ಹೊಳ್ಳಿ, “ನಿಮ್ಮ ಅಕ್ಕಗ ಹೇಳಬ್ಯಾಡ” ಅಂದ.

“ಯಾಕ್ರಿ? ನಾನ ಬಂದು ಹೇಳ್ತೇನಿ. ನನ್ನ ತಪ್ಪು.”

“ಹೇಳಬ್ಯಾಡ ಅಂದ್ನಿ. ಅಕಿಗೆ ತವರುಮನಿ ಅಂತ ಉಳದಾಕಿ ನೀ ಒಬ್ಬಾಕಿ. ನಾ ಗಂಡ, ನನ್ನ ಬೈದ್ರೂ ಸಂಜೀಕ ರೊಟ್ಟಿ ಹಾಕ್ತಾಳ. ನಿನ್ನ ಕೂಡ ಮಾತು ಬಿಟ್ರ ಮತ್ತ ಆಡಾಕಿ ಅಲ್ಲ, ಅಕಿ ಹಟ ನಿನಗೊತ್ತಿಲ್ಲೇನು? ಇರಲಿ ಬಿಡು.”

ದಿನಾ ಮುಂಜಾನೆ ಹೇಮಾ ಅವನ ಷೇರು ಮಾರಾಕ ಸಾಲಿಗೆ ಹಚ್ಚಿದ್ಲು. ತಗೊಳ್ಳೋರ ಇಲ್ಲ. ಸಾಲಿನಾಗ ಅವಂದು ಎಷ್ಟೋ ಹಿಂದ. ಕಡೀಕ ಮಾರಿ ಹ್ವಾದಾಗ ಹುಬ್ಬಳ್ಳಿಗಿರಲಿ, ಹಂಸಭಾವಿಯಿಂದ ಹಾವೇರಿತನಕ ಹೋಗಿ ಕಲಿಯಾಕೂ ಸಾಲದಷ್ಟು ಉಳದಿತ್ತು. ಪರಮೇಶ ಫೋನಿನಾಗಿನ ಆ ಆ್ಯಪ್ ತಗದುಬಿಟ್ಟ. ಬಸ್ಸು ಸ್ಟ್ಯಾಂಡಿನಾಗ ನಿಂತ್ರೂ ಮೆಟ್ಟಲ ಹತ್ತಿ ಬರೂದು ಬಿಟ್ಟ.

ಶಂಕ್ರವ್ವ ಬಿಟ್ಟಾಳೇನು? ಹೇಮಾ ಐತವಾರ ಹಂಸಭಾವಿಗೆ ಹ್ವಾದಾಗೆಲ್ಲಾ ಅದ ಹಾಡು. ರೊಟ್ಟಿ ಬಡಕೋತ, ಬಡಿಯೂ ಸಪ್ಪಳಕಿಂತ ಜೋರಾಗಿ ಬೈಯಾಕಿ.

“ಜೂಜ ಆಡ್ಯಾನವ್ವ, ಜೂಜು! ಮಗಳ ಬಾಳು ಒತ್ತಿ ಇಟ್ಟು ಆಡ್ಯಾನ. ಇಸ್ಪೀಟ ಆಡೋರಾದ್ರೂ ವಾಸಿ, ಮುಖಾ ಮುಚ್ಚಿಕೊಂಡು ಆಡತಾರ. ಇವ ಖಾಕಿ ಹಾಕ್ಕೊಂಡು ಆಡಿದ. ಹೇಮಾ, ನೀ ಅಲ್ಲೇ ಕುಂತಾಕಿ, ನೀನರೆ ತಡೀಬಾರದಿತ್ತೇನ? ಅಲ್ಲ, ನಿನ್ನ ಮಾತು ಅವ ಎಲ್ಲಿ ಕೇಳ್ಯಾನು ಬಿಡು.”

ಪರಮೇಶ ಕಟ್ಟಿ ಮ್ಯಾಲೆ ಕುಂತು ಬೂಟಿಗೆ ಪಾಲಿಶ್ ಹಚ್ಚಾಂವ. ತಲಿ ಎತ್ತತಿರಲಿಲ್ಲ. ಹೇಮಾ ತಾಟಿನಾಗಿನ ರೊಟ್ಟಿ ಮುರದು ಮುರದು ಹಂಗ ಇಡಾಕಿ. ಬಾಯಿತನಕ ಮಾತು ಬರತಿತ್ತು. ಅವ ಒಮ್ಮೆ ಅಕಿ ಕಡೆ ನೋಡಾಂವ, ಮಾತು ಹಿಂದಕ ಹೋಗತಿತ್ತು. ಖರೆ ಹೇಳಬೇಕಂದ್ರ, ಅವ ನೋಡಿದ್ದು ಅಕಿಗೆ ಒಂದು ನೆಪ ಆಗಿತ್ತು. ಅಕ್ಕನ ಕಣ್ಣಾಗ ತಾನು ಚಲೋ ಆಗಿ ಇರೂದು ಅಕಿಗೂ ಬೇಕಾಗಿತ್ತು.

ಹುಬ್ಬಳ್ಳಿ ಸೀಟಿಗೆ ಹೆಸರು ಬಂತು. ವಿದ್ಯಾ ಫೋನಿನಾಗ ನೋಡಿ, ಫೋನು ಡಬ್ಬ ಹಾಕಿ, ಹಿತ್ತಲಕ್ಕ ಹೋಗಿ ಭಾಂಡೆ ತಿಕ್ಕಾಕ ಕುಂತ್ಲು. ಫೀ ಕಟ್ಟೂ ತಾರೀಖು ದಾಟಿತು. ಆ ಹುಡುಗಿ ಅಪ್ಪನ ಕೂಡ ಮಾತಾಡೂದು ಬಿಟ್ಟಿತ್ತು. “ಊಟಕ್ಕ ಬರ್ರಿ” ಅನ್ನೂದನ್ನ ಸುದ್ದಾ ತಮ್ಮನ ಕಡೆಯಿಂದ ಹೇಳಿಸಾಕಿ.

ಶ್ರಾವಣದಾಗ ಒಂದಿನ ಶಂಕ್ರವ್ವ ತಾನ ಮಗಳನ್ನ ಕರಕೊಂಡು ಆಫೀಸಿನ ಮೆಟ್ಟಲ ಹತ್ತಿದ್ಲು. ಅಕಿ ಆ ಖೋಲಿ ಕಂಡಿದ್ದು ಅದ ಮೊದಲ. ಸೆರಗಿಲೆ ಬೆವರು ಒರಸಿಕೊಂಡು ಕುರ್ಚಿ ಮ್ಯಾಲೆ ಕುಂತು ಅಂದ್ಲು:

“ಹೇಮಾ, ಇಕೀಗೆ ನಿನ್ನ ಕೆಲಸ ಕಲಿಸು. ಮನ್ಯಾಗ ಕುಂತ್ರ ಹುಡುಗಿ ಕೊರಗಿ ಸಾಯತೈತಿ. ಅಪ್ಪನ ಹಂಗ ಆಗೂದು ಬ್ಯಾಡವ್ವ ಇದು. ನಿನ್ನಂಗ ಆಗಲಿ.”

ಹೇಮಾ “ಹೂಂ” ಅಂದ್ಲು. 

ಅಕ್ಕ ಬಸ್ಸಿಗೆ ಹ್ವಾದ ಮ್ಯಾಲೆ ವಿದ್ಯಾನ ಬಾಜೂಕ ಕುಂದರಿಸಿಕೊಂಡು ಕಲಿಸಾಕ ಹತ್ತಿದ್ಲು. ಮೊದಲ ನಿನ್ನಿ ಫೈಲು. ಹಿಂಗ ಇಳಿಸಬೇಕು, ಪೂರ್ತಿ ಬಂತಿಲ್ಲೋ ಸಾಲು ಎಣಿಸಬೇಕು, ಹೆಸರಿನ ಮುಂದಿನ ಖಾಲಿ ಜಾಗ ಕತ್ತರಿಸಬೇಕು, ಕಾಲಮ್ಮಿನ ಹೆಸರು ನಿನ್ನಿನಂಗ ಅದಾವೋ ಇಲ್ಲೋ ಪ್ರೋಗ್ರಾಮು ಮೊದಲ ನೋಡಬೇಕು, ಇಲ್ಲಂದ್ರ ಪಟ್ಟಿ ಕಳಿಸದ ನಿಂತುಬಿಡಬೇಕು. ತಪ್ಪು ಪಟ್ಟಿಗಿಂತ ಪಟ್ಟಿ ಹೋಗದಿದ್ರ ಚಲೋ ಅಂತ ಹೇಳೂ ಮುಂದ ಹೇಮಾನ ದನಿ ಸಣ್ಣದಾತು. ಹುಡುಗಿ ಚುರುಕಿತ್ತು. ತಾಸಿನಾಗ ಎಲ್ಲಾ ಹಿಡೀತು. ಸ್ಕ್ರೀನಿನ ಮ್ಯಾಲೆ ಬೆರಳಿಟ್ಟು ಕೇಳಿದ್ಲು:

“ಚಿಗವ್ವ, ಇಲ್ಲೆ ಸಂಖ್ಯಾ ಇಲ್ಲ, ಗೆರಿ ಐತೆಲ್ಲ, ಯಾಕ?”

“ಅವು ಬಿಇ. ಅದರಾಗ ತಗೊಂಡದ್ದನ್ನ ಒಯ್ಯಲಿಕ್ಕಬೇಕು.”

“ಅಂದ್ರ ಎಲ್ಲಾ ಡೆಲಿವರಿನ ಆತಲ್ಲ! ಹಂಗಾರ ನೂರು ಹಾಕಿಬಿಡ್ಲೇನು?”

“ಬ್ಯಾಡ!”

ಎಷ್ಟು ಜೋರು ಒದರಿದ್ಲಂದ್ರ ಹೊರಗ ಮೆಟ್ಟಲ ಮ್ಯಾಲಿದ್ದ ಉಳವಪ್ಪ ಇಣಿಕಿ ನೋಡಿದ. ಹುಡುಗಿಯ ಕೈ ಕೀಬೋರ್ಡಿನ ಮ್ಯಾಲೆ ಹಂಗ ನಿಂತಿತು, ಕಣ್ಣಾಗ ನೀರು ಬಂತು. ಹೇಮಾ ಅಕಿ ಕೈ ಹಿಡಕೊಂಡ್ಲು. ಪರಮೇಶ ಕಟ್ಟಿ ಮ್ಯಾಲೆ ಕುಂತು ಬೂಟು ತಿಕ್ಕೂದು ಕಣ್ಣಿಗೆ ಕಟ್ಟಿತು. ಇನ್ನ ಆಗೂದಿಲ್ಲ ಅನಿಸಿತು ಅಕಿಗೆ. ಈ ಹುಡುಗಿಗೆ ಇದನ್ನ ಕಲಿಸಿ, ಅದನ್ನ ಮುಚ್ಚಿಡೂದು ಆಗೂದಿಲ್ಲ.

“ನಾ ಹಾಕಿದ್ದೆ ವಿದ್ಯಾ. ಗೆರಿ ಇದ್ದಲ್ಲಿ ನೂರು ಹಾಕಿದ್ದು ನಾನ. ನಿಮ್ಮಪ್ಪ ಅದನ್ನ ನೋಡಿ ತಗೊಂಡ. ನನ್ನ ನಂಬಿ ತಗೊಂಡ. ಅವ ಜೂಜು ಆಡಿಲ್ಲ.”

 ಕೆಳಗ ಗೊಂಜಾಳದ ಚೀಲ ಲಾರಿಗೆ ಎತ್ತಿ ಹಾಕೂ ಸಪ್ಪಳ ಬರಾಕತ್ತಿತ್ತು.

“ಅಪ್ಪಗ ಗೊತ್ತೈತೇನು ಇದು?”

“ಸಂಕ್ರಾಂತಿ ಆದ ವಾರದಿಂದ ಗೊತ್ತೈತಿ. ಅವರ ಹೇಳಬ್ಯಾಡ ಅಂದಿದ್ರು.”

ಹುಡುಗಿ ಕೈ ಬಿಡಿಸಿಕೊಂಡ್ಲು. ಎದ್ದು ದುಪ್ಪಟ್ಟಾ ಸರಿ ಮಾಡಿಕೊಂಡು ಮೆಟ್ಟಲ ಇಳದು ಹ್ವಾದ್ಲು. ಹೇಮಾ ಕಿಡಕ್ಯಾಗಿಂದ ನೋಡಿದ್ಲು. ಹಾವೇರಿ ಬಸ್ಸು ಬಂದು ನಿಂತಿತ್ತು. ಪರಮೇಶ ಬಾಗಲಾಗ ನಿಂತು ಯಾರಿಗೋ ಚಿಲ್ಲರ ಕೊಡಾಕತ್ತಿದ್ದ. ವಿದ್ಯಾ ಅವನ ಮುಂದ ಹೋಗಿ ನಿಂತ್ಲು. ಏನಂದ್ಲೋ ಕೇಳಿಸಲಿಲ್ಲ. ಅವ ಮೊದಲ ಮ್ಯಾಲೆ ಕಿಡಕಿ ಕಡೆ ನೋಡಿದ, ಆಮ್ಯಾಲೆ ಮಗಳ ತಲಿ ಮ್ಯಾಲೆ ಕೈ ಇಟ್ಟ. ಇಬ್ಬರೂ ಬಸ್ಸು ಹತ್ತಿದ್ರು.

ಆರೂವರಿ ದಾಟಿತು. ಫೈಲು ಬಂತು. ಹೇಮಾ ಇಳಿಸಿದ್ಲು, ಸಾಲು ಎಣಿಸಿದ್ಲು, ಪಟ್ಟಿ ಕಳಿಸಿದ್ಲು. ಗೆರಿ ಇದ್ದಲ್ಲೆಲ್ಲಾ ಖಾಲಿ ಇತ್ತು. ಅಷ್ಟರಾಗ ಅಕ್ಕನ ಫೋನು ಬಂತು. ಎತ್ತಿ ಕಿವಿಗೆ ಹಿಡಕೊಂಡು, ಬೈಗಳಕ್ಕ ತಯಾರಾಗಿ ಕುಂತ್ಲು. ಬೈಯಲಿ. ಅವನ ಮ್ಯಾಲೆ ಸುರುವಿದ್ದನ್ನೆಲ್ಲಾ ತನ್ನ ಮ್ಯಾಲೆ ಸುರುವಲಿ, ಅದಕ್ಕ ಅಕಿ ಕಾಯಾಕತ್ತಿದ್ಲು.

ಶಂಕ್ರವ್ವ ಬೈಯಲಿಲ್ಲ. 

“ನಾ ಅವರಿಗೆ ಎಂತೆಂಥಾ ಮಾತು ಅಂದೇನವ್ವ, ಹೇಮಾ” ಅಂದ್ಲು. “ದಿನಾ ಅಂದೇನಿ, ತಾಟಿನ ಮುಂದ ಕುಂತಾಗ ಸುದ್ದಾ ಅಂದೇನಿ. ನೀ ನನ್ನ ರೊಟ್ಟಿ ತಿನಕೋತ, ಕುಂತು ಕೇಳಿದಿ.”

ಫೋನು ಇಟ್ಲು.